ಕಾಂಪೊಸಿಷನ್ ವ್ಯಾಪಾರಿ 1% ಹಾಕಬೇಕಾದದ್ದು ಯಾವ ಮೊತ್ತಕ್ಕೆ?

ಪ್ರಶ್ನೆ: ನನ್ನದು ದಿನಸಿ ಅಂಗಡಿ. ಜಿಎಸ್‌ಟಿಯಲ್ಲಿ ಕಾಂಪೊಸಿಷನ್ ತಗೊಂಡಿದ್ದೇನೆ. ಅಕ್ಟೋಬರ್‌ನಿಂದ ಡಿಸೆಂಬರ್ 2025ರವರೆಗೆ ಒಟ್ಟು ಮಾರಾಟ 9,84,500 ರೂ. ಅದರಲ್ಲಿ ಬಿಡಿ ಅಕ್ಕಿ, ಬಿಡಿ ಬೇಳೆ, ಹಾಲು, ಉಪ್ಪು ಸೇರಿ 3,12,000. ಬಿಸ್ಕತ್ತಿನ ಬಾಕ್ಸ್ 4,500 ರೂಪಾಯಿಯಷ್ಟು ವಾಪಸ್ ಬಂತು, ದುಡ್ಡು ಹಿಂದೆ ಕೊಟ್ಟೆ. 60,000 ಉದ್ರಿ ಇನ್ನೂ ಬಂದಿಲ್ಲ. ಲೆಕ್ಕ ಬರೆಯುವವರು ಪೂರ್ತಿ ಮಾರಾಟಕ್ಕೆ 1% ಹಾಕಿ 9,845 ಕಟ್ಟಿ ಎನ್ನುತ್ತಾರೆ. ಪಕ್ಕದ ಅಂಗಡಿಯವರು ಎಂಆರ್‌ಪಿ ಒಳಗಿನ ಜಿಎಸ್‌ಟಿ ಕಳೆದು ಆಮೇಲೆ 1% ಹಾಕಿ ಎನ್ನುತ್ತಾರೆ. ಟ್ರಾನ್ಸ್‌ಪೋರ್ಟ್ ಆಫೀಸಿಗೆ ಲಾರಿ ಬಾಡಿಗೆ 12,000 ಕೊಟ್ಟಿದ್ದೇನೆ, ಅಕ್ಕಿ-ಬೇಳೆ ಲೋಡಿಗೆ 4,000, ಸೋಪು-ಬಿಸ್ಕತ್ತಿನ ಲೋಡಿಗೆ 8,000. ಅದಕ್ಕೂ ತೆರಿಗೆ ಇದೆಯಂತೆ. ಸರಿಯಾಗಿ ಎಷ್ಟು ಕಟ್ಟಬೇಕು?
— ದಿನಸಿ ವ್ಯಾಪಾರಿ, ರಾಣೆಬೆನ್ನೂರು

ಉತ್ತರ: ಒಟ್ಟು 7,080 ರೂ. ಕಟ್ಟಿ. ಇದರಲ್ಲಿ 6,680 ನಿಮ್ಮ ಮಾರಾಟದ ಮೇಲಿನ ತೆರಿಗೆ, 400 ಲಾರಿ ಬಾಡಿಗೆಯ ಮೇಲಿನದು. ನಿಮಗೆ ಸಲಹೆ ಕೊಟ್ಟ ಇಬ್ಬರದೂ ತಪ್ಪಿದೆ. ಒಬ್ಬರ ಲೆಕ್ಕದಲ್ಲಿ ನೀವು ಹೆಚ್ಚು ಕಟ್ಟುತ್ತೀರಿ, ಇನ್ನೊಬ್ಬರ ಲೆಕ್ಕದಲ್ಲಿ ಕಡಿಮೆ.

ಮೊದಲು ಲೆಕ್ಕ ಬರೆಯುವವರ ಮಾತು. ಕಾಂಪೊಸಿಷನ್‌ನಲ್ಲಿ ತಯಾರಕರಿಗೂ ವ್ಯಾಪಾರಿಗಳಿಗೂ ದರ 1 ಪರ್ಸೆಂಟೇ, ಆದರೆ ಅದನ್ನು ಹಾಕುವ ಮೊತ್ತ ಬೇರೆ. ತಯಾರಕರು ರಾಜ್ಯದೊಳಗಿನ ಇಡೀ ವಹಿವಾಟಿಗೆ ಕಟ್ಟಬೇಕು. ಕೊಂಡು ಮಾರುವ ವ್ಯಾಪಾರಿಗೆ 2018ರ ಜನವರಿ 1ರಿಂದ ತೆರಿಗೆ ಇರುವ ಮಾಲಿನ ವಹಿವಾಟಿಗೆ ಮಾತ್ರ. ಬಿಡಿ ಅಕ್ಕಿ, ಬಿಡಿ ಬೇಳೆ, ಹಾಲು, ಉಪ್ಪಿಗೆ ಜಿಎಸ್‌ಟಿಯೇ ಇಲ್ಲ. ಹಾಗಾಗಿ ಆ 3,12,000 ರೂಪಾಯಿಗೆ ನೀವು 1% ಕೊಡಬೇಕಾಗಿಲ್ಲ. ಲೆಕ್ಕ ಬರೆಯುವವರು ತಯಾರಕರ ಲೆಕ್ಕವನ್ನೇ ನಿಮಗೂ ಹಾಕಿದ್ದಾರೆ.

ಇಲ್ಲಿ ಎಚ್ಚರ ಬೇಕಾದದ್ದು ಅಕ್ಕಿಯ ವಿಷಯದಲ್ಲಿ. ಚೀಲ ಬಿಚ್ಚಿ ತೂಗಿ ಕೊಟ್ಟ ಅಕ್ಕಿಗೆ ತೆರಿಗೆ ಇಲ್ಲ. ಆದರೆ ಲೇಬಲ್ ಹಚ್ಚಿ ಪ್ಯಾಕ್ ಮಾಡಿದ 5 ಕೆ.ಜಿ., 10 ಕೆ.ಜಿ., 25 ಕೆ.ಜಿ. ಚೀಲವನ್ನು ಹಾಗೆಯೇ ಮಾರಿದರೆ ಅದು ತೆರಿಗೆಯ ಮಾಲು, ಬೇಳೆ ಪ್ಯಾಕೆಟ್ಟೂ ಅಷ್ಟೇ. 25 ಕೆ.ಜಿ. ದಾಟಿದ ಚೀಲಕ್ಕೆ ತೆರಿಗೆ ಇಲ್ಲ. ನಿಮ್ಮ 3,12,000ದಲ್ಲಿ ಪ್ಯಾಕೆಟ್ ಅಕ್ಕಿ, ಪ್ಯಾಕೆಟ್ ಬೇಳೆ ಸೇರಿಲ್ಲ ಎಂದುಕೊಂಡು ಈ ಲೆಕ್ಕ ಕೊಡುತ್ತಿದ್ದೇನೆ. ಸೇರಿದ್ದರೆ ಅಷ್ಟನ್ನು ತೆರಿಗೆಯ ಸಾಲಿಗೆ ತನ್ನಿ.

ಇದನ್ನು ಮೂರು ತಿಂಗಳ ಕೊನೆಗೆ ಕೂತು ಅಂದಾಜಿನಲ್ಲಿ ಬೇರ್ಪಡಿಸಲು ಹೋಗಬೇಡಿ, ವಿಚಾರಿಸಿದಾಗ ಅಂದಾಜು ನಿಲ್ಲುವುದಿಲ್ಲ. 200 ರೂಪಾಯಿಗಿಂತ ಕಡಿಮೆ ಮಾರಾಟಕ್ಕೆ ಗಿರಾಕಿ ಕೇಳದಿದ್ದರೆ ಪ್ರತ್ಯೇಕ ಬಿಲ್ ಬೇಡ. ಅಂಥವನ್ನೆಲ್ಲ ಸೇರಿಸಿ ದಿನದ ಕೊನೆಗೆ ಒಂದು ಬಿಲ್ ಆಫ್ ಸಪ್ಲೈ ಬರೆಯಬೇಕು. ಆ ಬಿಲ್ಲಿನಲ್ಲೇ ಎರಡು ಸಾಲು ಮಾಡಿ: ತೆರಿಗೆ ಇರುವ ಮಾಲು ಇಷ್ಟು, ಇಲ್ಲದ್ದು ಇಷ್ಟು. ತ್ರೈಮಾಸಿಕದ ಕೊನೆಗೆ ಕೂಡಿದರೆ ಸಾಕು.

ಇನ್ನು ಎಂಆರ್‌ಪಿ ಮಾತು. ನಿಮ್ಮ ಪಕ್ಕದವರು ರೆಗ್ಯುಲರ್ ಜಿಎಸ್‌ಟಿಯಲ್ಲಿ ಇರುವವರ ಲೆಕ್ಕವನ್ನು ನಿಮಗೆ ಹೇಳಿದ್ದಾರೆ. ರೆಗ್ಯುಲರ್ ವ್ಯಾಪಾರಿ 118 ರೂಪಾಯಿಗೆ ಸಾಮಾನು ಮಾರಿದರೆ ಅದರಲ್ಲಿ 18 ರೂಪಾಯಿ ಅವನು ಗಿರಾಕಿಯಿಂದ ಸರ್ಕಾರದ ಪರವಾಗಿ ವಸೂಲು ಮಾಡಿದ ತೆರಿಗೆ, ಆದ್ದರಿಂದ ವಹಿವಾಟು 100. ನೀವು ಗಿರಾಕಿಯಿಂದ ತೆರಿಗೆ ವಸೂಲು ಮಾಡುವ ಹಾಗೆಯೇ ಇಲ್ಲ. ನೀವು ಅದೇ ಸಾಮಾನನ್ನು 118ಕ್ಕೆ ಮಾರಿದರೆ 118 ಪೂರ್ತಿ ನಿಮ್ಮ ಬೆಲೆ, ಪೂರ್ತಿ ನಿಮ್ಮ ವಹಿವಾಟು. ಹೋಲ್‌ಸೇಲ್‌ನವರಿಗೆ ನೀವು ಕೊಟ್ಟ ಜಿಎಸ್‌ಟಿ ನಿಮಗೆ ಕ್ರೆಡಿಟ್ ಆಗಿ ಬರುವುದಿಲ್ಲ, ಅದು ಮಾಲಿನ ಅಸಲಿಗೆ ಸೇರಿಹೋಯಿತು. ಅವರ ಮಾತಿನಂತೆ ಎಲ್ಲದರಲ್ಲೂ 18% ಕಳೆದಿದ್ದರೆ ತೆರಿಗೆ 5,661 ರೂಪಾಯಿಗೆ ಇಳಿಯುತ್ತಿತ್ತು, 1,019 ರೂ. ಬಾಕಿ ಉಳಿದು ಬಡ್ಡಿ ಬೆಳೆಯುತ್ತಿತ್ತು.

ಉದ್ರಿ 60,000 ಕಳೆಯಬೇಡಿ. ಮಾಲು ಕೊಟ್ಟ ತ್ರೈಮಾಸಿಕದಲ್ಲೇ ಅದು ವಹಿವಾಟು, ದುಡ್ಡು ಯುಗಾದಿಗೆ ಬಂದರೂ ಸರಿ. ವಾಪಸ್ ಬಂದ ಬಿಸ್ಕತ್ತು ಮಾತ್ರ ಕಳೆಯಬಹುದು, ಕ್ರೆಡಿಟ್ ನೋಟ್ ಬರೆದು ಇಟ್ಟುಕೊಳ್ಳಿ. ಹಾಗಾದರೆ ಲೆಕ್ಕ ಹೀಗೆ:

```
ಒಟ್ಟು ಮಾರಾಟ               9,84,500
ವಾಪಸ್ ಬಂದದ್ದು             −  4,500
                        = 9,80,000
ತೆರಿಗೆ ಇಲ್ಲದ ಮಾಲು         − 3,12,000
                        = 6,68,000
1% ತೆರಿಗೆ                =   6,680
  (ಕೇಂದ್ರ 3,340 + ರಾಜ್ಯ 3,340)
```

ಲಾರಿ ಬಾಡಿಗೆಯ ಬಗ್ಗೆ ನೀವು ಕೇಳಿದ್ದು ನಿಜ. ಬಿಲ್ಟಿ ಕೊಡುವ ಟ್ರಾನ್ಸ್‌ಪೋರ್ಟ್ ಆಫೀಸು ತನ್ನ ಬಿಲ್ಲಿನಲ್ಲಿ ಜಿಎಸ್‌ಟಿ ಹಾಕಿರದಿದ್ದರೆ, ಬಾಡಿಗೆ ಕೊಟ್ಟ ನೀವೇ ರಿವರ್ಸ್ ಚಾರ್ಜ್‌ನಲ್ಲಿ 5% ಕಟ್ಟಬೇಕು. ಕಾಂಪೊಸಿಷನ್‌ನ 1% ದರ ಇದಕ್ಕೆ ಅನ್ವಯಿಸುವುದಿಲ್ಲ. ಅಕ್ಕಿ, ಬೇಳೆ, ಹಿಟ್ಟು, ಉಪ್ಪು, ಹಾಲಿನ ಸಾಗಣೆಗೆ ವಿನಾಯಿತಿ ಇದೆ, ಹಾಗಾಗಿ ಆ 4,000 ಬಿಟ್ಟುಬಿಡಿ. ಉಳಿದ 8,000ಕ್ಕೆ 400, ಅಂದರೆ ಕೇಂದ್ರಕ್ಕೆ 200, ರಾಜ್ಯಕ್ಕೆ 200. ಬಿಲ್ಟಿ ಇಲ್ಲದೆ ಊರೊಳಗಿನ ಟೆಂಪೊದವರಿಗೆ ಕೊಟ್ಟ ಬಾಡಿಗೆ ಇದರಲ್ಲಿ ಸೇರುವುದಿಲ್ಲ. ಅಂಗಡಿ ಮಳಿಗೆ ಬಾಡಿಗೆಯ ಬಗ್ಗೆಯೂ ಹಲವರು ಹೆದರಿದ್ದಾರೆ. ಮಾಲೀಕರಿಗೆ ಜಿಎಸ್‌ಟಿ ನೋಂದಣಿ ಇಲ್ಲದಿದ್ದರೆ ಬಾಡಿಗೆದಾರರು 18% ಕಟ್ಟಬೇಕೆಂಬ ನಿಯಮ 2024ರ ಅಕ್ಟೋಬರ್‌ನಲ್ಲಿ ಬಂದದ್ದು ಹೌದು, ಆದರೆ 2025ರ ಜನವರಿ 16ರಿಂದ ಕಾಂಪೊಸಿಷನ್ ವ್ಯಾಪಾರಿಗಳನ್ನು ಅದರಿಂದ ಹೊರಗಿಟ್ಟಿದ್ದಾರೆ.

ಪೋರ್ಟಲ್‌ನಲ್ಲಿ CMP-08 ತುಂಬುವಾಗ ಒಂದು ಕಡೆ ಗೊಂದಲವಾಗುತ್ತದೆ. ಮೊದಲ ಸಾಲಿನ ಹೆಸರಲ್ಲೇ ‘ವಿನಾಯಿತಿ ಮಾಲು ಸೇರಿ’ ಎಂಬ ಅರ್ಥದ ಮಾತಿದೆ. ಅದನ್ನು ನೋಡಿಯೇ ಹಲವರು ಪೂರ್ತಿ ಮೊತ್ತಕ್ಕೆ ತೆರಿಗೆ ಹಾಕಿಬಿಡುತ್ತಾರೆ. ಮೌಲ್ಯದ ಅಂಕಣದಲ್ಲಿ 9,80,000 ಬರೆಯಿರಿ, ತೆರಿಗೆಯ ಅಂಕಣಗಳಲ್ಲಿ ಮಾತ್ರ 3,340 ಮತ್ತು 3,340. ರಿವರ್ಸ್ ಚಾರ್ಜ್‌ನ ಸಾಲಿನಲ್ಲಿ ಮೌಲ್ಯ 8,000, ತೆರಿಗೆ 200 ಮತ್ತು 200. ವಿನಾಯಿತಿ ಮಾಲಿನ ಮೌಲ್ಯವನ್ನು ಬಿಡಬೇಡಿ ಎನ್ನುವುದಕ್ಕೆ ಕಾರಣವಿದೆ: ಕಾಂಪೊಸಿಷನ್‌ನಲ್ಲಿ ಉಳಿಯಲು ಇರುವ ವರ್ಷದ 1.5 ಕೋಟಿ ಮಿತಿಗೆ ವಿನಾಯಿತಿ ಮಾಲೂ ಸೇರುತ್ತದೆ, ತೆರಿಗೆಗೆ ಸೇರದಿದ್ದರೂ.

ಈ ತ್ರೈಮಾಸಿಕಕ್ಕೆ ಕೊನೆ ದಿನ 2026ರ ಜನವರಿ 18. ತಡವಾದರೆ ವರ್ಷಕ್ಕೆ 18%ರಂತೆ ದಿನದ ಲೆಕ್ಕದಲ್ಲಿ ಬಡ್ಡಿ. ಫೆಬ್ರುವರಿ 18ಕ್ಕೆ ಕಟ್ಟಿದರೆ 31 ದಿನಕ್ಕೆ ಸುಮಾರು 108 ರೂ. ಬಡ್ಡಿ ಚಿಕ್ಕದೇ, ಆದರೆ ಸತತ ಎರಡು ತ್ರೈಮಾಸಿಕದ CMP-08 ಬಾಕಿ ಉಳಿದರೆ ಇ-ವೇ ಬಿಲ್ ತಡೆಯುತ್ತಾರೆ, ಆಗ ನಿಮ್ಮ ಅಂಗಡಿಯಿಂದ ಹೊರಗೆ ಮಾಲು ಕಳಿಸುವುದೇ ಕಷ್ಟವಾಗುತ್ತದೆ.

ಒಮ್ಮೆ ಸಲ್ಲಿಸಿದ CMP-08 ತಿದ್ದಲು ಬರುವುದಿಲ್ಲ. ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೂ ಪೂರ್ತಿ ಮೊತ್ತಕ್ಕೇ 1% ಕಟ್ಟಿದ್ದೀರಾ ಎಂದು ಹಳೆಯ ಎರಡು ಚಲನ್ ತೆಗೆದು ನೋಡಿ. ಕಟ್ಟಿದ್ದರೆ ಸರಿಯಾದ ಅಂಕಿ ತೋರಿಸುವ ಜಾಗ 2026ರ ಜೂನ್ 30ರೊಳಗೆ ಸಲ್ಲಿಸುವ ವಾರ್ಷಿಕ GSTR-4. ಅದರ 6ನೇ ಕೋಷ್ಟಕದಲ್ಲಿ ಇಡೀ ವರ್ಷದ ತೆರಿಗೆಯ ವಹಿವಾಟನ್ನು ಮತ್ತೆ ತುಂಬಲೇಬೇಕು. ‘ತೆರಿಗೆ ಆಗಲೇ ಕಟ್ಟಿದ್ದೇನಲ್ಲ’ ಎಂದು ಅದನ್ನು ಖಾಲಿ ಬಿಟ್ಟರೆ, ಈ ವರ್ಷ ನಿಮಗೆ ತೆರಿಗೆಯೇ ಇರಲಿಲ್ಲ, ಕಟ್ಟಿದ್ದೆಲ್ಲ ಹೆಚ್ಚುವರಿ ಎಂದು ಪೋರ್ಟಲ್ ಎಣಿಸಿಬಿಡುತ್ತದೆ.