ಮುಖಪುಟದ ವರ್ಷ ನಂಬಬೇಡಿ, 224 ಇದೆಯಾ ನೋಡಿ

ಪ್ರಶ್ನೆ: ಸರ್, ನಾನು ಹಾವೇರಿ ಜಿಲ್ಲೆಯವನು. ಪಿಡಿಒ ಪರೀಕ್ಷೆಗೆ ಓದಲು ಧಾರವಾಡದ ಸಪ್ತಾಪುರದಲ್ಲಿ ರೂಮ್ ಮಾಡಿದ್ದೇನೆ. ಅಣ್ಣ ಓದಿದ ಸಂವಿಧಾನದ ಪುಸ್ತಕ ಇದೆ, 2018ರ ಆರಂಭದ್ದು. ಅಂಗಡಿಯಲ್ಲಿ ಅದೇ ಪುಸ್ತಕ ಹೊಸ ಮುಖಪುಟದಲ್ಲಿ 'ಪರಿಷ್ಕೃತ ಆವೃತ್ತಿ' ಅಂತ ಬಂದಿದೆ. ಬೇರೆ ಪ್ರಕಾಶನದ್ದೂ ಒಂದಿದೆ. ಹೊಸದು ಕೊಳ್ಳಲೇಬೇಕಾ? ಯಾವುದು?

ಉತ್ತರ: ದುಡ್ಡು ಕೊಡುವ ಮೊದಲು ಅಂಗಡಿಯಲ್ಲೇ ನಿಂತು ಹತ್ತು ನಿಮಿಷ ಪುಟ ತಿರುವಿ. ಮೊದಲು ಶೀರ್ಷಿಕೆ ಪುಟದ ಹಿಂಬದಿ ನೋಡಿ. ಯಾವ ವರ್ಷ ಮೊದಲ ಮುದ್ರಣ, ಯಾವಾಗ ಮರುಮುದ್ರಣ, ಯಾವಾಗ ಪರಿಷ್ಕರಣೆ ಅಂತ ಅಲ್ಲಿ ಇರಬೇಕು. ಬರೀ ಮರುಮುದ್ರಣದ ವರ್ಷಗಳಿದ್ದರೆ ಒಳಗೆ ಹಳೇ ಪುಸ್ತಕವೇ ಇದೆ ಎಂದುಕೊಳ್ಳಿ. ವರ್ಷದ ಮೇಲೆ ಚೀಟಿ ಅಂಟಿಸಿದ್ದರಂತೂ ಕೆಳಗಿಟ್ಟುಬಿಡಿ.

'ಪರಿಷ್ಕೃತ' ಅಂತ ಅಚ್ಚಾಗಿದ್ದರೂ ಅಷ್ಟಕ್ಕೇ ನಂಬಬೇಡಿ. ರಾಜ್ಯ ಶಾಸಕಾಂಗದ ಅಧ್ಯಾಯ ತೆಗೆದು ಕರ್ನಾಟಕ ವಿಧಾನಸಭೆಯ ಸದಸ್ಯರ ಸಂಖ್ಯೆ ಹುಡುಕಿ. ಮೊದಲು 224 ಚುನಾಯಿತರ ಜೊತೆ ರಾಜ್ಯಪಾಲರು ನಾಮಕರಣ ಮಾಡುವ ಒಬ್ಬ ಆಂಗ್ಲೋ-ಇಂಡಿಯನ್ ಸದಸ್ಯರು ಸೇರಿ 225 ಇತ್ತು. 104ನೇ ತಿದ್ದುಪಡಿ ಬಂದು, 2020ರ ಜನವರಿ 25ರಿಂದ ಆ ನಾಮಕರಣ ನಿಂತಿತು. ಈಗ ಒಟ್ಟು 224 ಮಾತ್ರ. ಇದೇ ಕಾರಣಕ್ಕೆ ಲೋಕಸಭೆಯ ಗರಿಷ್ಠ ಸಂಖ್ಯೆ 552 ಇದ್ದದ್ದು 550 ಆಯಿತು. ಪರಿಶಿಷ್ಟ ಜಾತಿ, ಪಂಗಡಗಳಿಗೆ ಲೋಕಸಭೆ, ವಿಧಾನಸಭೆಗಳಲ್ಲಿರುವ ಮೀಸಲಾತಿಯೂ ಇದೇ ತಿದ್ದುಪಡಿಯಿಂದ 2030ರವರೆಗೆ ಮುಂದುವರಿಯಿತು.

ಈ ಒಂದೇ ತಿದ್ದುಪಡಿಯನ್ನು ಹಿಡಿದುಕೊಳ್ಳಿ ಅನ್ನುವುದಕ್ಕೆ ಕಾರಣ ಇದೆ. ಇದು ಪುಸ್ತಕದಲ್ಲಿ ಒಂದೇ ಕಡೆ ಬರುವುದಿಲ್ಲ. ಸಂಸತ್ತಿನ ಅಧ್ಯಾಯ, ರಾಜ್ಯ ಶಾಸಕಾಂಗ, ಕೆಲವು ವರ್ಗಗಳ ವಿಶೇಷ ಉಪಬಂಧಗಳು, ತಿದ್ದುಪಡಿಗಳ ಪಟ್ಟಿ, ಆಮೇಲೆ ಅಧ್ಯಾಯದ ಕೊನೆಯ ಬಹು ಆಯ್ಕೆ ಪ್ರಶ್ನೆಗಳು, ಇಷ್ಟೂ ಕಡೆ ತಿದ್ದಬೇಕು. ಅವಸರದ ಪ್ರಕಾಶಕರು ಕೊನೆಗೆ 'ಇತ್ತೀಚಿನ ತಿದ್ದುಪಡಿಗಳು' ಅಂತ ನಾಲ್ಕು ಪುಟ ಸೇರಿಸಿ ಕೈ ತೊಳೆದುಕೊಳ್ಳುತ್ತಾರೆ. ಪಟ್ಟಿಯಲ್ಲಿ 104 ಇರುತ್ತದೆ, ಅಧ್ಯಾಯದಲ್ಲಿ 225 ಹಾಗೇ ಉಳಿದಿರುತ್ತದೆ. ಪ್ರಶ್ನೋತ್ತರವನ್ನಂತೂ ಯಾರೂ ಮುಟ್ಟಿರುವುದಿಲ್ಲ. ನೀವು ಪರೀಕ್ಷೆಯ ಹಿಂದಿನ ರಾತ್ರಿ ತಿರುವಿಹಾಕುವುದು ಅದನ್ನೇ ಅಲ್ವಾ? ಹಾಗಾಗಿ ಅಲ್ಲಿಂದಲೇ ಪರೀಕ್ಷಿಸಿ. ಅಲ್ಲಿ ಸರಿ ಇದ್ದರೆ ಉಳಿದ ಕಡೆಯೂ ಸಾಮಾನ್ಯವಾಗಿ ಸರಿ ಇರುತ್ತದೆ.

ಇನ್ನೊಂದು ಪ್ರಕಾಶನದ ಪುಸ್ತಕಕ್ಕೂ ಇದೇ ಪರೀಕ್ಷೆ. ಅದರಲ್ಲಿ ಹಳೇ ಪ್ರಶ್ನೆಪತ್ರಿಕೆಗಳಿದ್ದರೆ ಮತ್ತೊಂದು ಕೆಲಸ ಮಾಡಿ. ಪರೀಕ್ಷೆ ನಡೆಸಿದ ಸಂಸ್ಥೆ ಮೊದಲು ತಾತ್ಕಾಲಿಕ ಕೀ ಉತ್ತರ ಬಿಡುತ್ತದೆ, ಆಕ್ಷೇಪಣೆ ಪಡೆದು ಆಮೇಲೆ ಅಂತಿಮ ಕೀ ಪ್ರಕಟಿಸುತ್ತದೆ. ಈ ನಡುವೆ ಕೆಲವು ಉತ್ತರ ಬದಲಾಗುತ್ತವೆ, ಕೆಲವು ಪ್ರಶ್ನೆ ರದ್ದಾಗುತ್ತವೆ. ಅಂಥ ನಾಲ್ಕೈದು ಪ್ರಶ್ನೆ ಗುರುತು ಹಾಕಿಕೊಂಡು ಪುಸ್ತಕದಲ್ಲಿ ಏನಿದೆ ನೋಡಿ. ತಾತ್ಕಾಲಿಕ ಉತ್ತರವೇ ಉಳಿದಿದ್ದರೆ ಆ ಪ್ರಕಾಶಕರು ಮಾರುಕಟ್ಟೆಗೆ ಬೇಗ ಬರುವ ಆತುರದಲ್ಲಿದ್ದರು ಅಂತಲೇ ಅರ್ಥ. ದಪ್ಪ ಪುಸ್ತಕ, ಹೊಳೆಯುವ ರಟ್ಟು ನೋಡಿ ಮರುಳಾಗಬೇಡಿ.

ಎರಡೂ ಹೊಸ ಪುಸ್ತಕ ಇದರಲ್ಲಿ ಸೋತರೆ ಸುಮ್ನೆ ಖರ್ಚು ಮಾಡಬೇಡಿ, ಅಣ್ಣನ ಪುಸ್ತಕವೇ ಸಾಕು. ಸಂವಿಧಾನ ರಚನಾ ಸಭೆ, ಪೀಠಿಕೆ, ರಾಜ್ಯ ನಿರ್ದೇಶಕ ತತ್ವಗಳು ಇವೆಲ್ಲ 2018ರಲ್ಲಿ ಇದ್ದಂತೆಯೇ ಇವೆ. ಬದಲಾದದ್ದನ್ನು ಮಾತ್ರ ಪೆನ್ಸಿಲ್‌ನಲ್ಲಿ ಆಯಾ ಪುಟದಲ್ಲೇ ತಿದ್ದಿ. 102ನೇ ತಿದ್ದುಪಡಿಯಿಂದ ರಾಷ್ಟ್ರೀಯ ಹಿಂದುಳಿದ ವರ್ಗಗಳ ಆಯೋಗಕ್ಕೆ ಸಂವಿಧಾನದ ಸ್ಥಾನಮಾನ ಬಂತು. 103ರಿಂದ ಆರ್ಥಿಕವಾಗಿ ದುರ್ಬಲರಿಗೆ ಗರಿಷ್ಠ ಶೇಕಡಾ 10 ಮೀಸಲಾತಿ ಬಂತು. ಇದು 15 ಮತ್ತು 16ನೇ ವಿಧಿಗೆ ಸೇರುತ್ತದೆ, ಅಂದರೆ ಮೂಲಭೂತ ಹಕ್ಕುಗಳ ಅಧ್ಯಾಯದಲ್ಲಿ ಬರೆಯಬೇಕು. 104 ಆಗಲೇ ಹೇಳಿದೆ. 105ರಿಂದ ರಾಜ್ಯಗಳು ತಮ್ಮ ಹಿಂದುಳಿದ ವರ್ಗಗಳ ಪಟ್ಟಿ ತಾವೇ ಮಾಡುವ ಅಧಿಕಾರ ಖಚಿತವಾಯಿತು. 2023ರ 106, ಲೋಕಸಭೆ ಮತ್ತು ವಿಧಾನಸಭೆಗಳಲ್ಲಿ ಮಹಿಳೆಯರಿಗೆ ಮೂರನೇ ಒಂದರಷ್ಟು ಸ್ಥಾನಗಳ ಮೀಸಲಾತಿ ಬಗ್ಗೆ. ಆಮೇಲೆ ಬಂದದ್ದನ್ನು legislative.gov.in ಜಾಲತಾಣದ ಸಂವಿಧಾನದ ಪಠ್ಯದೊಂದಿಗೆ ಹೋಲಿಸಿಕೊಳ್ಳಿ, ಅದು ಉಚಿತ.

ಪಂಚಾಯತ್ ರಾಜ್ ವಿಷಯದಲ್ಲಿ ಮಾತ್ರ ಹಳೇ ಗೈಡ್ ನೆಚ್ಚಿಕೊಳ್ಳಬೇಡಿ. ನಿಮ್ಮ ಪರೀಕ್ಷೆಗೆ ಅದೇ ಮುಖ್ಯ. ಪುಸ್ತಕ 'ಕರ್ನಾಟಕ ಪಂಚಾಯತ್ ರಾಜ್ ಅಧಿನಿಯಮ, 1993' ಅಂತಲೇ ಬರೆದು, ಹೆಸರು 'ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮ, 1993' ಅಂತ ಬದಲಾದದ್ದನ್ನು ಎಲ್ಲೂ ಹೇಳದಿದ್ದರೆ, ಒಳಗಿನ ಪ್ರಕರಣಗಳೂ ಹಳೆಯವೇ ಇರಬಹುದು. ಹೊಸ ಪುಸ್ತಕಕ್ಕೆ ತೆಗೆದಿಟ್ಟ ದುಡ್ಡಿನಲ್ಲಿ ಈ ಅಧಿನಿಯಮದ ತಿದ್ದುಪಡಿ ಸಹಿತ ಮೂಲ ಪಠ್ಯವನ್ನೇ ಕೊಳ್ಳಿ. ಇಲ್ಲವೇ dpal.karnataka.gov.in ಜಾಲತಾಣದಿಂದ ಇಳಿಸಿಕೊಂಡು, ಗ್ರಾಮ ಸಭೆ ಮತ್ತು ಗ್ರಾಮ ಪಂಚಾಯಿತಿಯ ಅಧ್ಯಾಯಗಳನ್ನಷ್ಟೇ ಝೆರಾಕ್ಸ್ ಮಾಡಿಸಿ.