ಒಕ್ಕೂಟ ವ್ಯವಸ್ಥೆಯಲ್ಲೂ ಪಾಲಿಕೆಯ ಕೈ ಏಕೆ ಕಟ್ಟಿರುತ್ತದೆ?

ಪ್ರಶ್ನೆ: ಏಕಾತ್ಮಕ ವ್ಯವಸ್ಥೆಯಲ್ಲಿ ಅಧಿಕಾರ ಕೇಂದ್ರದಲ್ಲಿ, ಒಕ್ಕೂಟದಲ್ಲಿ ಹಂಚಿಕೆ ಎಂದು ಪಿಯುಸಿಯಲ್ಲಿ ಓದಿದ್ದೆ. ಹಾಗಾದರೆ ಒಕ್ಕೂಟವಾದ ಭಾರತದಲ್ಲಿ ಸ್ಥಳೀಯ ಸಂಸ್ಥೆಗಳು ಬಲವಾಗಿರಬೇಕಲ್ಲವೇ? ಮಂಗಳೂರು ಪಾಲಿಕೆ ಪ್ರತಿಯೊಂದಕ್ಕೂ ಬೆಂಗಳೂರಿನ ಕಡೆ ನೋಡುವುದೇಕೆ?

ಉತ್ತರ:

ಉಡುಪಿಯ ಕಾಲೇಜೊಂದರಲ್ಲಿ ರಾಜ್ಯಶಾಸ್ತ್ರ ಪಾಠ ಮಾಡುತ್ತಿದ್ದಾಗ ಪ್ರತಿ ವರ್ಷವೂ ಯಾರಾದರೊಬ್ಬರು ಇದನ್ನು ಕೇಳುತ್ತಿದ್ದರು. ಪಠ್ಯಪುಸ್ತಕ ಹೇಳುವ ಹಂಚಿಕೆ ನಡೆಯುವುದು ಕೇಂದ್ರ ಮತ್ತು ರಾಜ್ಯಗಳ ನಡುವೆ ಮಾತ್ರ. ಮೂರನೆಯವರಾದ ಪಾಲಿಕೆ, ಪಂಚಾಯತಿಗಳು ಆ ಹಂಚಿಕೆಯಲ್ಲಿ ಪಾಲುದಾರರಲ್ಲ, ರಾಜ್ಯದ ಪಾಲಿಗೆ ಬಂದ ಆಸ್ತಿ. ನಮ್ಮ ಸಂವಿಧಾನದ ಏಳನೇ ಅನುಸೂಚಿಯ ರಾಜ್ಯಪಟ್ಟಿಯಲ್ಲಿ ಐದನೆಯ ವಿಷಯವೇ ಸ್ಥಳೀಯ ಆಡಳಿತ. ಹಾಗಾಗಿ ರಾಜ್ಯದ ಸ್ವಾಯತ್ತತೆ ಹೆಚ್ಚಿದಂತೆ ಪಾಲಿಕೆಯ ಸ್ವಾಯತ್ತತೆಯೂ ಹೆಚ್ಚಬೇಕೆಂದಿಲ್ಲ. ಎಷ್ಟೋ ಸಲ ಆಗುವುದು ತಿರುವುಮುರುವು.

ಇದು ಭಾರತಕ್ಕೆ ಮಾತ್ರ ಅಂಟಿದ ದೋಷವಲ್ಲ. ಒಕ್ಕೂಟಗಳ ಸಾಲಿನಲ್ಲಿ ಹೆಸರಾದ ಕೆನಡಾದಲ್ಲೂ ನಗರಾಡಳಿತ ಪ್ರಾಂತ್ಯಕ್ಕೆ ಸೇರಿದ ವಿಷಯ. 1867ರ ಸಂವಿಧಾನ ಕಾಯ್ದೆ ಹಾಗೆಂದು ಬರೆದಿಟ್ಟಿದೆ. 2018ರಲ್ಲಿ ಟೊರೊಂಟೊ ನಗರಸಭೆಗೆ ಅಕ್ಟೋಬರ್‌ನಲ್ಲಿ ಚುನಾವಣೆ ನಿಗದಿಯಾಗಿತ್ತು. ಅಭ್ಯರ್ಥಿಗಳು ಪ್ರಚಾರಕ್ಕೆ ಇಳಿದಾಗಿತ್ತು. ಆಗಸ್ಟ್‌ನಲ್ಲಿ ಒಂಟಾರಿಯೊ ಪ್ರಾಂತ್ಯದ ಸರ್ಕಾರ ಕಾಯ್ದೆ ತಂದು 47 ವಾರ್ಡ್‌ಗಳನ್ನು 25ಕ್ಕೆ ಇಳಿಸಿಬಿಟ್ಟಿತು. ನಗರ ಸುಪ್ರೀಂ ಕೋರ್ಟ್‌ವರೆಗೆ ಹೋಯಿತು. 2021ರಲ್ಲಿ ಐವರು ನ್ಯಾಯಮೂರ್ತಿಗಳು ಪ್ರಾಂತ್ಯದ ಪರ, ನಾಲ್ವರು ವಿರುದ್ಧ ನಿಂತರು, ಪ್ರಾಂತ್ಯ ಗೆದ್ದಿತು. ನಗರಕ್ಕೆ ಸಂವಿಧಾನದಲ್ಲಿ ಸ್ವಂತ ಆಸನ ಇರಲಿಲ್ಲ, ಅಷ್ಟೇ.

ಈಗ ಮಂಗಳೂರಿಗೆ ಬರೋಣ. ನಮ್ಮ ಪಾಲಿಕೆಗಾದರೆ ಆಸನ ಇದೆ. ಅದನ್ನು ಕೊಟ್ಟ ಸಂವಿಧಾನದ 74ನೇ ತಿದ್ದುಪಡಿ 1993ರ ಜೂನ್ 1ರಿಂದ ಜಾರಿಗೆ ಬಂದಿತು. ಅವಧಿ ಐದು ವರ್ಷ, ಅದು ಮುಗಿಯುವ ಮೊದಲೇ ಹೊಸ ಚುನಾವಣೆ ಮುಗಿಯಬೇಕು, ಅದನ್ನು ನಡೆಸಲು ರಾಜ್ಯ ಚುನಾವಣಾ ಆಯೋಗ ಇರಬೇಕು: ಇವಿಷ್ಟೂ ಕಡ್ಡಾಯ. ಅಧಿಕಾರದ ವಿಷಯ ಬಂದಾಗ ಮಾತ್ರ ಸಂವಿಧಾನ ಮೆಲ್ಲಗೆ ಪಕ್ಕಕ್ಕೆ ಸರಿಯುತ್ತದೆ. ಹನ್ನೆರಡನೇ ಅನುಸೂಚಿಯಲ್ಲಿ ನೀರು, ರಸ್ತೆ, ನಗರ ಯೋಜನೆ ಸೇರಿ 18 ವಿಷಯಗಳ ಪಟ್ಟಿ ಇದೆ. ಅವುಗಳಲ್ಲಿ ಯಾವುದನ್ನು, ಎಷ್ಟು ಕೊಡಬೇಕು ಎಂಬುದನ್ನು ತೀರ್ಮಾನಿಸುವುದು ರಾಜ್ಯದ ಶಾಸಕಾಂಗ. ತೆರಿಗೆಯೂ ಹಾಗೆಯೇ. ಅಂದರೆ ಪಾಲಿಕೆ ಇರಲೇಬೇಕು, ಆದರೆ ಅದರ ಕೈಯಲ್ಲಿ ಏನಾದರೂ ಇರಲೇಬೇಕೆಂದಿಲ್ಲ.

ಕಡ್ಡಾಯವಾದ ಚುನಾವಣೆಯ ಗತಿಯನ್ನೂ ನೋಡಿ. ಮಂಗಳೂರಿನ ಹಿಂದಿನ ಪರಿಷತ್ತಿನ ಅವಧಿ 2019ರ ಮಾರ್ಚ್‌ನಲ್ಲಿ ಮುಗಿಯಿತು. ಚುನಾವಣೆ ನಡೆದದ್ದು ನವೆಂಬರ್‌ನಲ್ಲಿ. 60 ಸದಸ್ಯರು ಗೆದ್ದು ಬಂದರೂ ಮೇಯರ್ ಆಯ್ಕೆಯಾದದ್ದು 2020ರ ಫೆಬ್ರುವರಿ ಕೊನೆಯಲ್ಲಿ. ಮೇಯರ್ ಹುದ್ದೆ ಯಾವ ವರ್ಗಕ್ಕೆ ಮೀಸಲು ಎಂಬ ಪಟ್ಟಿ ಪ್ರಕಟಿಸುವುದು ರಾಜ್ಯ ಸರ್ಕಾರ ಎಂಬುದನ್ನು ಇಲ್ಲಿ ಗಮನಿಸಬೇಕು. ಐದು ವರ್ಷದ ಲೆಕ್ಕ ಹಿಡಿಯುವುದು ಮೊದಲ ಸಭೆಯ ದಿನದಿಂದ. ಹಾಗಾಗಿ ಹೊಸ ಪರಿಷತ್ತಿನ ಅವಧಿ 2025ರ ಫೆಬ್ರುವರಿವರೆಗೆ ಬಂದು ಮುಗಿಯಿತು. ಮತ್ತೆ ಆಡಳಿತಾಧಿಕಾರಿಯ ಕಾಲ ಶುರುವಾಯಿತು. ಜಿಲ್ಲಾ ಮತ್ತು ತಾಲ್ಲೂಕು ಪಂಚಾಯತಿಗಳ ಕಥೆ ಇನ್ನೂ ಕೆಟ್ಟದ್ದು. 2021ರಲ್ಲಿ ಅವುಗಳ ಅವಧಿ ಮುಗಿಯಿತು. ಅದೇ ವರ್ಷ ರಾಜ್ಯವು ಕಾಯ್ದೆಗೆ ತಿದ್ದುಪಡಿ ತಂದು, ಕ್ಷೇತ್ರ ಗಡಿ ಗುರುತಿಸುವ ಮತ್ತು ಮೀಸಲಾತಿ ನಿಗದಿ ಮಾಡುವ ಕೆಲಸವನ್ನು ಚುನಾವಣಾ ಆಯೋಗದಿಂದ ಕಿತ್ತುಕೊಂಡಿತು. ನಂತರ ವರ್ಷಗಟ್ಟಲೆ ಚುನಾವಣೆಯೇ ಇಲ್ಲ. ಮಣಿಪಾಲದ ಜಿಲ್ಲಾ ಪಂಚಾಯತಿ ಕಚೇರಿಯಲ್ಲಿ ಫೈಲುಗಳು ಓಡಾಡುತ್ತಿದ್ದವು, ಚುನಾಯಿತ ಸದಸ್ಯರು ಮಾತ್ರ ಇರಲಿಲ್ಲ. ಪುನರ್ವಿಂಗಡಣೆಯಂತಹ ಕಾರಣ ಮುಂದಿಟ್ಟು ಚುನಾವಣೆ ತಡಮಾಡುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2006ರಲ್ಲೇ, ಅಹಮದಾಬಾದ್ ಪಾಲಿಕೆಯ ಕಿಶನ್‌ಸಿಂಗ್ ತೋಮರ್ ಪ್ರಕರಣದಲ್ಲಿ, ಹೇಳಿದೆ. ನಿಯಮ ಇದ್ದೂ ಮೀರಿದವರಿಗೆ ಬಿಸಿ ಮುಟ್ಟುವುದಿಲ್ಲ, ಏಕೆಂದರೆ ಪ್ರತಿ ಸಲವೂ ಯಾರಾದರೂ ಕೋರ್ಟ್‌ಗೆ ಹೋಗಿ ತಿಂಗಳುಗಟ್ಟಲೆ ಕಾಯಬೇಕು.

ಪರಿಷತ್ತು ಇದ್ದಾಗಲಾದರೂ ಅದರ ಕೈಯಲ್ಲಿ ಏನಿದೆ? ಮೇಯರ್ ಅವಧಿ ಒಂದೇ ವರ್ಷ. ಬಜೆಟ್ ಅರ್ಥವಾಗುವ ಹೊತ್ತಿಗೆ ಕುರ್ಚಿ ಬಿಡುವ ಹೊತ್ತು. ಕಾರ್ಯಾಂಗದ ಅಧಿಕಾರ ಇರುವುದು ಆಯುಕ್ತರಿಗೆ; ಅವರನ್ನು ನೇಮಿಸುವುದು, ವರ್ಗಾಯಿಸುವುದು ರಾಜ್ಯ ಸರ್ಕಾರ. ಆಸ್ತಿ ತೆರಿಗೆಯ ದರವನ್ನು ಪಾಲಿಕೆ ಇಡುತ್ತದೆ ಎನ್ನುತ್ತಾರೆ, ಆದರೆ ಕನಿಷ್ಠ ಗರಿಷ್ಠ ಮಿತಿ ಕಾಯ್ದೆಯಲ್ಲಿದೆ, ಆಧಾರವಾದ ಮಾರ್ಗಸೂಚಿ ದರವೂ ರಾಜ್ಯದ್ದೇ. ತಾಯಿ ಬಡಿಸಿದ ತಟ್ಟೆಯಲ್ಲಿ ಉಪ್ಪಿನಕಾಯಿ ಆರಿಸಿಕೊಳ್ಳುವಷ್ಟು ಸ್ವಾತಂತ್ರ್ಯ ಅದು.

ಇದಕ್ಕೆ ಎದುರಾಗಿ ಡೆನ್ಮಾರ್ಕ್ ಇಟ್ಟು ನೋಡಿ. ಅಪ್ಪಟ ಏಕಾತ್ಮಕ ದೇಶ. ಅಲ್ಲಿ ಜನರು ಕಟ್ಟುವ ಆದಾಯ ತೆರಿಗೆಯ ದೊಡ್ಡ ಪಾಲು ಊರಿನ ಪಾಲಿಕೆಗೇ ಸೇರುತ್ತದೆ. ಸರಾಸರಿ ದರ ಸುಮಾರು ಶೇ 25, ಅದನ್ನು ಆಯಾ ಪಾಲಿಕೆಯೇ ನಿರ್ಧರಿಸುತ್ತದೆ. ಶಾಲೆ, ವೃದ್ಧರ ಆರೈಕೆ ಎಲ್ಲ ಅದರದೇ. ಮೇಯರನ್ನು ಪರಿಷತ್ತು ನಾಲ್ಕು ವರ್ಷಕ್ಕೆ ಆರಿಸುತ್ತದೆ, ದೈನಂದಿನ ಆಡಳಿತದ ಮುಖ್ಯಸ್ಥರೂ ಅವರೇ. ಹಾಗೆಂದು ಅದನ್ನು ಸ್ವರ್ಗ ಎಂದು ಬಗೆಯಬೇಡಿ. ದರ ಏರಿಸುವ ಆಟಕ್ಕೆ ಕೇಂದ್ರ ಸರ್ಕಾರ ಪ್ರತಿ ವರ್ಷ ಪಾಲಿಕೆಗಳ ಒಕ್ಕೂಟದೊಂದಿಗೆ ಒಪ್ಪಂದ ಮಾಡಿ ಒಟ್ಟಾರೆ ಲಗಾಮು ಹಾಕುತ್ತದೆ. 2007ರಲ್ಲಿ ಒಂದೇ ಸುಧಾರಣೆಯಲ್ಲಿ 271 ಪಾಲಿಕೆಗಳನ್ನು ವಿಲೀನ ಮಾಡಿ 98ಕ್ಕೆ ಇಳಿಸಿದ್ದೂ ಅದೇ ದೇಶದ ಸಂಸತ್ತು. ಬ್ರಿಟನ್ನಿನಲ್ಲಂತೂ 1986ರಲ್ಲಿ ಇಡೀ ಗ್ರೇಟರ್ ಲಂಡನ್ ಕೌನ್ಸಿಲನ್ನೇ ರದ್ದು ಮಾಡಿದರು. ಲಂಡನ್ನಿಗೆ ಮತ್ತೆ ನಗರಮಟ್ಟದ ಚುನಾಯಿತ ಆಡಳಿತ ಬಂದದ್ದು 2000ರಲ್ಲಿ. ಏಕಾತ್ಮಕ ದೇಶದ ಉದಾರತೆ ಒಂದು ಬಹುಮತದ ಮೇಲೆ ನಿಂತಿರುತ್ತದೆ, ಕೊಟ್ಟ ಕೈಯೇ ಕಿತ್ತುಕೊಳ್ಳಬಲ್ಲದು.

ಒಕ್ಕೂಟದಲ್ಲೂ ಬಲವಾದ ನಗರ ಸಾಧ್ಯ ಎಂಬುದಕ್ಕೆ ಜರ್ಮನಿ ಸಾಕು. ಅಲ್ಲಿನ ಸಂವಿಧಾನದ 28ನೇ ವಿಧಿ ಸ್ಥಳೀಯ ವಿಷಯಗಳನ್ನು ಸ್ವಂತ ಜವಾಬ್ದಾರಿಯಲ್ಲಿ ನಿರ್ವಹಿಸುವ ಹಕ್ಕನ್ನು ನೇರವಾಗಿ ಪಾಲಿಕೆಗೆ ಕೊಟ್ಟಿದೆ. ಹಕ್ಕಿಗೆ ಧಕ್ಕೆಯಾದರೆ ಪಾಲಿಕೆಯೇ ಸಂವಿಧಾನ ನ್ಯಾಯಾಲಯದ ಬಾಗಿಲು ತಟ್ಟಬಹುದು. ವ್ಯಾಪಾರ ತೆರಿಗೆಗೆ ಮೂಲ ದರ ಕೇಂದ್ರ ಕಾಯ್ದೆಯಲ್ಲಿದ್ದರೂ ಅದನ್ನು ಎಷ್ಟರಿಂದ ಗುಣಿಸಬೇಕೆಂದು ಊರೇ ತೀರ್ಮಾನಿಸುತ್ತದೆ. ನೆರೆಯೂರಿಗಿಂತ ಕಡಿಮೆ ಗುಣಕ ಇಟ್ಟು ಉದ್ದಿಮೆಗಳನ್ನು ಸೆಳೆಯುವ ಊರುಗಳೂ ಇವೆ.

ಹಾಗಾಗಿ ಭಾರತ ನಾಳೆ ಏಕಾತ್ಮಕವಾದರೂ ಮಂಗಳೂರಿನ ಫೈಲು ಬೆಂಗಳೂರಿನ ಬದಲು ದೆಹಲಿಗೆ ಹೋಗುತ್ತಿತ್ತು, ಬೇರೇನೂ ಬದಲಾಗುತ್ತಿರಲಿಲ್ಲ. ಬದಲಾಗಬೇಕಾದದ್ದು ರಾಜ್ಯದ ಕಾಯ್ದೆಯಲ್ಲಿ. ಹೆಚ್ಚು ವರ್ಷದ ಮೇಯರ್, ಪರಿಷತ್ತಿಗೆ ಉತ್ತರ ಕೊಡಬೇಕಾದ ಆಯುಕ್ತ, ವಾರ್ಡ್ ಗಡಿ ಮತ್ತು ಮೀಸಲಾತಿಯನ್ನು ಅವಧಿಗೆ ಮೊದಲೇ ಮುಗಿಸುವ ಹೊಣೆ ಚುನಾವಣಾ ಆಯೋಗಕ್ಕೆ. ಇವು ಮೂರನ್ನೂ ಮಾಡಲು ಸಂವಿಧಾನ ತಿದ್ದುಪಡಿ ಬೇಕಿಲ್ಲ, ವಿಧಾನಸಭೆಯ ಬಹುಮತ ಸಾಕು. ಯಾವ ಪಕ್ಷದ ಸರ್ಕಾರ ಬಂದರೂ ಅದನ್ನು ಮಾಡಲು ಆಸೆ ತೋರಿಸದೆ ಇರುವುದಕ್ಕೆ ಕಾರಣ ಸರಳ: ಬಲವಾದ ಮೇಯರ್ ಎಂದರೆ ಸ್ಥಳೀಯ ಶಾಸಕರಿಗೆ ಪ್ರತಿಸ್ಪರ್ಧಿ, ಮತ್ತು ಕಾಯ್ದೆಗೆ ಕೈ ಎತ್ತಬೇಕಾದವರು ಶಾಸಕರೇ.