ಸ್ಪ್ಯಾನಿಷ್‌ನಲ್ಲಿ ದಾರಿ ಕೇಳುವಾಗ: ದೆರೇಚೊ, ದೆರೇಚಾ

ಮೆಕ್ಸಿಕೋದಲ್ಲಿ ದಾರಿ ಕೇಳಿದಾಗ ‘ದೆರೇಚೊ’ ಅಂದರೆ ಬಲಕ್ಕೆ ತಿರುಗಬೇಕಾ?

ಇಲ್ಲ, ನೇರ ಹೋಗಬೇಕು. ಬಲಕ್ಕೆ ಅನ್ನಲು ‘ಆ ಲಾ ದೆರೇಚಾ’, ಎಡಕ್ಕೆ ‘ಆ ಲಾ ಇಸ್ಕಿಯೆರ್ದಾ’.

ವೇಗದ ಮಾತಿನಲ್ಲಿ ಕೊನೆಯ ‘ಒ’, ‘ಆ’ ಹೊಸಬರಿಗೆ ಸ್ಪಷ್ಟವಾಗಿ ಕೇಳದಿರಬಹುದು. ಹಾಗಾಗಿ ಪದದ ಬಾಲಕ್ಕಿಂತ ಅದಕ್ಕೂ ಮೊದಲು ಬರುವುದಕ್ಕೆ ಕಿವಿ ಕೊಡಿ: ತಿರುವಿಗೆ ಸಾಮಾನ್ಯವಾಗಿ ‘ಆ ಲಾ’ ಬರುತ್ತದೆ, ನೇರಕ್ಕೆ ಬರುವುದಿಲ್ಲ. ‘ಆ ಮಾನೊ ದೆರೇಚಾ’ ಎಂದರೆ ಬಲಗೈ ಪಕ್ಕದಲ್ಲಿ, ಅಲ್ಲಿ ತಿರುಗಬೇಕೆಂದೇನಿಲ್ಲ. ಸ್ಪೇನ್‌ನಲ್ಲಿ ನೇರಕ್ಕೆ ‘ತೋದೊ ರೆಕ್ತೊ’ ಅನ್ನುವುದು ಹೆಚ್ಚು, ಅಲ್ಲಿ ಈ ಗೊಂದಲ ಕಡಿಮೆ.

ಮೆಕ್ಸಿಕೋ ಸಿಟಿಯ ತೊರೆ ಲಾತಿನೊಅಮೆರಿಕಾನಾ ಗೋಪುರದ ಬಳಿ ನಿಂತು ಸೊಕಾಲೊ ಚೌಕಕ್ಕೆ ದಾರಿ ಕೇಳುತ್ತೀರಿ ಅಂದುಕೊಳ್ಳಿ: ‘ದಿಸ್ಕುಲ್ಪೆ, ಕೋಮೊ ಯೇಗೊ ಅಲ್ ಸೊಕಾಲೊ?’ (ಕ್ಷಮಿಸಿ, ಸೊಕಾಲೊಗೆ ಹೇಗೆ ಹೋಗುವುದು?) ಉತ್ತರ ಹೀಗಿರಬಹುದು: ‘ಸೀಗಾ ದೆರೇಚೊ ಪೋರ್ ಮಾದೇರೊ. ಲಾ ಕಾತೆದ್ರಾಲ್ ಕೇದಾ ಆ ಮಾನೊ ಇಸ್ಕಿಯೆರ್ದಾ.’ ಅಂದರೆ ಮಾದೇರೊ ರಸ್ತೆಯಲ್ಲಿ ನೇರ ಹೋಗಿ, ಕೆಥೆಡ್ರಲ್ ಎಡಗಡೆ ಸಿಗುತ್ತದೆ.

ದೂರವನ್ನು ‘ಕ್ವಾದ್ರಾ’ ಲೆಕ್ಕದಲ್ಲಿ ಹೇಳುತ್ತಾರೆ. ಒಂದು ಅಡ್ಡರಸ್ತೆಯಿಂದ ಮುಂದಿನದರವರೆಗೆ ಒಂದು ಕ್ವಾದ್ರಾ, ಮೂಲೆ ‘ಎಸ್ಕೀನಾ’. ಅನುಮಾನವಿದ್ದರೆ ಕೈ ತೋರಿಸುತ್ತಲೇ ‘ದೆರೇಚೊ, ಒ ಆ ಲಾ ದೆರೇಚಾ?’ ಎಂದು ಮರಳಿ ಕೇಳಿ. ಅವರ ಕೈಯೂ ಆಡುತ್ತದೆ, ವ್ಯಾಕರಣಕ್ಕಿಂತ ಅದೇ ವಾಸಿ.